ಫೈಲ್ ಇತ್ತು, ಅಡಿಟಿಪ್ಪಣಿ ಇರಲಿಲ್ಲ: ಒಂದು ಥೀಸಿಸ್ ಅಧ್ಯಾಯದ ಪ್ರಕರಣ

ಈ ಪ್ರಕರಣದ ವಿದ್ಯಾರ್ಥಿನಿಯನ್ನು ಸುಮಾ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ಕೋಲಾರ ಕಡೆಯ ಹುಡುಗಿ. ಕೆರೆ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿಗಳ ಬಗ್ಗೆ ಕನ್ನಡದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ನಾಲ್ಕನೇ ಅಧ್ಯಾಯ ಅವಳ ಥೀಸಿಸ್‌ನ ಜೀವಾಳ. ನೀರುಗಂಟಿ ಮನೆತನದವರನ್ನು ಊರೂರು ತಿರುಗಿ ಮಾತಾಡಿಸಿ ಬರೆದದ್ದು. ಯಾರು ಹೇಳಿದರು, ಯಾವ ಊರಲ್ಲಿ, ಯಾವ ಕೆರೆಯ ಬಗ್ಗೆ ಎಂಬುದೆಲ್ಲ ಅಡಿಟಿಪ್ಪಣಿಗಳಲ್ಲಿತ್ತು. ಆ ಅಡಿಟಿಪ್ಪಣಿಗಳೇ ಹೋದವು.

ನಾನು ವಿಭಾಗದ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಸುಮಾ ಮೊದಲು ನನಗೆ ಫೋನ್ ಮಾಡಿದ್ದು ಅದಕ್ಕೇ. ಮುಂದೆ ನಡೆದದ್ದನ್ನೆಲ್ಲ ಇಬ್ಬರೂ ಸೇರಿ ಬರೆದಿಟ್ಟುಕೊಂಡೆವು. ಇಲ್ಲಿರುವ ಸಮಯ, ಸಂಖ್ಯೆ ಎಲ್ಲ ಆ ಟಿಪ್ಪಣಿಯಿಂದ ತೆಗೆದದ್ದು.

ಫೈಲ್‌ಗಳು ಎಲ್ಲಿದ್ದವು

ಸುಮಾಳ ಲ್ಯಾಪ್‌ಟಾಪ್‌ನಲ್ಲಿ ಗೂಗಲ್ ಡ್ರೈವ್ ಇತ್ತು. ಅದರೊಳಗೆ `Thesis` ಎಂಬ ಫೋಲ್ಡರ್. ಪ್ರತಿ ಅಧ್ಯಾಯಕ್ಕೆ ಒಂದು ವರ್ಡ್ ಫೈಲ್. ವಿಭಾಗದಲ್ಲಿ ಅವಳು ಕೂರುವ ಕಂಪ್ಯೂಟರ್‌ನಲ್ಲೂ ಅದೇ ಖಾತೆ ತೆರೆದಿತ್ತು. ಫೋನ್‌ನಲ್ಲೂ ಇತ್ತು. ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿದ ಸ್ವಲ್ಪ ಹೊತ್ತಿಗೆ ವಿಭಾಗದ ಕಂಪ್ಯೂಟರ್‌ನಲ್ಲೂ ಹೊಸ ಫೈಲ್ ಬಂದು ಕೂತಿರುತ್ತಿತ್ತು. ಹೀಗಾಗಿ ತನ್ನ ಥೀಸಿಸ್ ಮೂರು ಕಡೆ ಭದ್ರವಾಗಿದೆ ಎಂದು ಅವಳು ನಂಬಿದ್ದಳು. ಲ್ಯಾಪ್‌ಟಾಪ್ ಕಳೆದುಹೋಗಿದ್ದರೆ ಆ ನಂಬಿಕೆ ಸರಿಯೇ ಆಗುತ್ತಿತ್ತು. ಇಲ್ಲಿ ಕಳೆದದ್ದು ಲ್ಯಾಪ್‌ಟಾಪ್ ಅಲ್ಲ.

ಇನ್ನೊಂದು ವಿಷಯ ಹೇಳಬೇಕು. ಕನ್ನಡದಲ್ಲಿ ಥೀಸಿಸ್ ಬರೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಸುಮಾ ಟೈಪ್ ಮಾಡುತ್ತಿದ್ದದ್ದು ನುಡಿಯ ಹಳೆಯ ಫಾಂಟ್‌ನಲ್ಲಿ, `Nudi 01 e`. ಎಂ.ಎ. ದಿನಗಳಿಂದ ಬಂದ ಅಭ್ಯಾಸ. ಈ ಫಾಂಟ್‌ನಲ್ಲಿ ಪರದೆಯ ಮೇಲೆ ‘ಕನ್ನಡ’ ಎಂದು ಕಾಣುವುದು ಕಂಪ್ಯೂಟರ್‌ನ ಲೆಕ್ಕದಲ್ಲಿ `PÀ£ÀßqÀ` ಮಾತ್ರ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೀಚು. ಥೀಸಿಸ್ ಕೊನೆಗೆ ಥೀಸಿಸ್‌ಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಹೋಗುತ್ತದೆ. ಅಲ್ಲಿ ಯಾರಾದರೂ ‘ನೀರುಗಂಟಿ’ ಎಂದು ಹುಡುಕಿದರೆ ಸಿಗಬೇಕು ಎಂದರೆ ಅದು ಯೂನಿಕೋಡ್‌ನಲ್ಲಿರಬೇಕು. ಗೈಡ್ ಮೇಡಂ ಅದನ್ನೇ ಹೇಳಿದ್ದರು: “ಈಗಿಂದಲೇ ಬದಲಾಯಿಸಿಬಿಡಮ್ಮ, ಕೊನೆಗೆ ಒದ್ದಾಡಬೇಡ.” ಒಳ್ಳೆಯ ಸಲಹೆಯೇ.

ಆ ಶನಿವಾರ

ಸುಮಾ ಊರಿಗೆ ಹೋಗಿದ್ದಳು. ಮಧ್ಯಾಹ್ನವೆಲ್ಲ ನಾಲ್ಕನೇ ಅಧ್ಯಾಯ ತಿದ್ದಿದಳು. ಸಂಜೆ 4:10ರ ಸುಮಾರಿಗೆ ಕರೆಂಟ್ ಹೋಯಿತು. ಅದರ ಜೊತೆಗೆ ವೈಫೈ ಕೂಡ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಕೆಲಸ ಮುಂದುವರಿಯಿತು. ಒಂದು ಸಂದರ್ಶನದ ಭಾಗವನ್ನು ಬೆಳೆಸಿದಳು, ಅದಕ್ಕೆ ಹೊಸ ಅಡಿಟಿಪ್ಪಣಿಗಳನ್ನು ಸೇರಿಸಿದಳು, ಆಗಾಗ ಸೇವ್ ಮಾಡಿದಳು.

ಊಟ ಆದಮೇಲೆ, ಒಂಬತ್ತೂವರೆಗೆ, ಯೂನಿಕೋಡ್‌ಗೆ ಬದಲಾಯಿಸುವ ಕೆಲಸಕ್ಕೆ ಕೂತಳು. ಲ್ಯಾಪ್‌ಟಾಪ್‌ನಲ್ಲೇ ಒಂದು ಸಣ್ಣ ಪರಿವರ್ತಕ ಇತ್ತು. ಒಂದು ಚೌಕದಲ್ಲಿ ನುಡಿ ಪಠ್ಯ ಹಾಕಿದರೆ ಇನ್ನೊಂದರಲ್ಲಿ ಯೂನಿಕೋಡ್ ಬರುವಂಥದ್ದು. ವರ್ಡ್‌ನಲ್ಲಿ Ctrl+A ಒತ್ತಿ ಎಲ್ಲ ಆಯ್ದಳು, ನಕಲಿಸಿ ಚೌಕಕ್ಕೆ ಹಾಕಿದಳು. ಬಂದ ಯೂನಿಕೋಡನ್ನು ಅದೇ ಫೈಲ್‌ನಲ್ಲಿ ಹಳೆಯದರ ಮೇಲೆಯೇ ಅಂಟಿಸಿದಳು. ಮೊದಲ ನಾಲ್ಕೈದು ಪುಟ ಓದಿ ನೋಡಿದಳು. ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿಯಾಗಿತ್ತು. Ctrl+S ಒತ್ತಿ ವರ್ಡ್ ಮುಚ್ಚಿದಳು.

ಆ ಚೌಕಕ್ಕೆ ಹೋಗಿದ್ದು ಮುಖ್ಯ ಪಠ್ಯ ಮಾತ್ರ. ಅಡಿಟಿಪ್ಪಣಿಗಳು ಹೋಗಿರಲಿಲ್ಲ. ಪಕ್ಕದಲ್ಲಿ ಗೈಡ್ ಬರೆದಿದ್ದ ಕಾಮೆಂಟ್‌ಗಳೂ ಹೋಗಿರಲಿಲ್ಲ. ಅಧ್ಯಾಯದ ಕೊನೆಯ ಆಕರಗಳ ಪಟ್ಟಿಯಲ್ಲಿ ಇಂಗ್ಲಿಷ್ ಪುಸ್ತಕಗಳ ಹೆಸರುಗಳಿದ್ದವು. ಪರಿವರ್ತಕ ಆ ಇಂಗ್ಲಿಷ್ ಅಕ್ಷರಗಳನ್ನೂ ನುಡಿಯ ಸಂಕೇತ ಎಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಟ್ಟಿತ್ತು. ಮೊದಲ ಪುಟಗಳು ಅಧ್ಯಾಯದ ಪೀಠಿಕೆ. ಅಲ್ಲಿ ಅಡಿಟಿಪ್ಪಣಿ ಒಂದೋ ಎರಡೋ. ಹಾಗಾಗಿ ಅವಳಿಗೆ ಏನೂ ಕಾಣಲಿಲ್ಲ.

ಹತ್ತು ಗಂಟೆಗೆ ಕರೆಂಟ್ ಬಂತು. 10:05ಕ್ಕೆ ಡ್ರೈವ್ ತನ್ನ ಕೆಲಸ ಮಾಡಿತು. ಹೊಸ ಫೈಲನ್ನು ಮೇಲಕ್ಕೆ ಕಳಿಸಿತು, ಅಲ್ಲಿಂದ ವಿಭಾಗದ ಕಂಪ್ಯೂಟರ್‌ಗೆ ಇಳಿಸಿತು. ಮೂರು ಕಡೆ ಇದ್ದ ಅಧ್ಯಾಯ ಮೂರೂ ಕಡೆ ಒಂದೇ ರೀತಿ ಹಾಳಾಯಿತು. ಸಿಂಕ್ ಕೆಟ್ಟು ಹೀಗಾಗಲಿಲ್ಲ. ಎಲ್ಲ ಕಡೆ ಒಂದೇ ಫೈಲ್ ಇರುವಂತೆ ನೋಡಿಕೊಳ್ಳುವುದು ಅದರ ಕೆಲಸ. ಆ ಫೈಲ್ ಒಳ್ಳೆಯದೋ ಹಾಳಾದದ್ದೋ ಅದಕ್ಕೆ ತಿಳಿಯದು.

ಗೊತ್ತಾದದ್ದು ಒಂಬತ್ತು ದಿನಗಳ ಮೇಲೆ

ನನ್ನ ಪ್ರಕಾರ ಇಡೀ ಪ್ರಕರಣದ ಕಷ್ಟ ಇರುವುದು ಇಲ್ಲಿ. ಮಾರನೆಯ ದಿನವೇ ಗೊತ್ತಾಗಿದ್ದರೆ ಐದು ನಿಮಿಷದ ಕೆಲಸ. ಆದರೆ ಭಾನುವಾರದಿಂದ ಸುಮಾ ಅಧ್ಯಾಯದ ಕೊನೆಯಲ್ಲಿ ಹೊಸ ಭಾಗವೊಂದನ್ನು ಬರೆಯತೊಡಗಿದಳು. ತೂಬು ಎತ್ತುವ ಸರದಿಯ ಬಗ್ಗೆ. ಅಡಿಟಿಪ್ಪಣಿಗಳನ್ನು ಆಮೇಲೆ ಹಾಕೋಣ ಎಂದುಕೊಂಡು ಬರೀ ಪಠ್ಯವನ್ನೇ ಬರೆದಳು. ಫೈಲ್ ತೆರೆದ ಕೂಡಲೇ ನೇರವಾಗಿ ಕೊನೆಯ ಪುಟಕ್ಕೆ ಹೋಗುತ್ತಿದ್ದಳು. ಹಿಂದಿನ ಪುಟಗಳನ್ನು ತಿರುಗಿಸಿ ನೋಡುವ ಸಂದರ್ಭವೇ ಬರಲಿಲ್ಲ.

ಮುಂದಿನ ವಾರ ಕಳೆದು ಸೋಮವಾರ ಪ್ರಿಂಟ್ ತೆಗೆದು ಗೈಡ್‌ಗೆ ಕೊಟ್ಟಳು. ಮೇಡಂ ಹತ್ತು ಪುಟ ತಿರುಗಿಸಿ ಕೇಳಿದರು: “ಏನಮ್ಮ ಸುಮಾ, ಯಾವ ಮಾತು ಯಾರದು ಅಂತ ಒಂದೂ ಇಲ್ಲವಲ್ಲ? ಅಡಿಟಿಪ್ಪಣಿ ಎಲ್ಲಿ?”

ಅವಳು ವಿಭಾಗದ ಕಂಪ್ಯೂಟರ್‌ಗೆ ಓಡಿದಳು. ಅದೇ ಫೈಲ್. ಫೋನ್‌ನಲ್ಲೂ ಅದೇ. ಡ್ರೈವ್‌ನ ಟ್ರ್ಯಾಶ್ ತೆರೆದಳು, ಏನೂ ಇಲ್ಲ. ವಿಂಡೋಸ್‌ನ ರಿಸೈಕಲ್ ಬಿನ್‌ನಲ್ಲೂ ಇಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಅಳಿಸಿದ ಫೈಲ್ ಆಗಿದ್ದರೆ ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ. ಇಲ್ಲಿ ಯಾರೂ ಯಾವ ಫೈಲನ್ನೂ ಅಳಿಸಿಲ್ಲ. ಫೈಲ್ ತನ್ನ ಜಾಗದಲ್ಲೇ ಇದೆ, ಒಳಗಿನದು ಮಾತ್ರ ಬದಲಾಗಿದೆ. ವರ್ಡ್ ತಾನಾಗಿ ಉಳಿಸಿಕೊಳ್ಳುವ ಪ್ರತಿಯೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಅದು ಇರುವುದು ವರ್ಡ್ ಅರ್ಧಕ್ಕೆ ನಿಂತುಹೋದಾಗಿನ ಬಳಕೆಗೆ. ಸರಿಯಾಗಿ ಸೇವ್ ಮಾಡಿ ಮುಚ್ಚಿದರೆ ಅದೂ ಹೋಗುತ್ತದೆ.

ಫೋಲ್ಡರ್‌ನಲ್ಲಿ `Adhyaya-4-final.docx`, `Adhyaya-4-final-2.docx` ಎಂಬ ಇನ್ನೆರಡು ಫೈಲ್‌ಗಳಿದ್ದವು. ಎಲ್ಲರ ಫೋಲ್ಡರ್‌ನಲ್ಲೂ ಇರುತ್ತವೆ ಅಲ್ವಾ? ಎರಡೂ ತಿಂಗಳುಗಟ್ಟಲೆ ಹಳೆಯವು. ಆಗ ಅರ್ಧದಷ್ಟು ಸಂದರ್ಶನಗಳೇ ಆಗಿರಲಿಲ್ಲ.

ಸಂಜೆ ನನಗೆ ಫೋನ್ ಬಂತು. “ಸರ್, ಎಲ್ಲ ಕಡೆ ನೋಡಿದೆ. ಹೋಯ್ತು.”

ಮೊದಲು ಕೈ ನಿಲ್ಲಿಸುವುದು

ನಾನು ಮೊದಲು ಕೇಳಿದ್ದು, ಆ ಫೈಲ್ ಈಗ ಎಲ್ಲಾದರೂ ತೆರೆದಿದೆಯಾ ಎಂದು. ಲ್ಯಾಪ್‌ಟಾಪ್‌ನಲ್ಲಿ ತೆರೆದಿತ್ತು. Ctrl+Z ಒತ್ತುತ್ತಾ ಕೂತಿದ್ದಳು. ವರ್ಡ್ ಒಮ್ಮೆ ಮುಚ್ಚಿದ ಮೇಲೆ ಹಿಂದಿನ ಸಲದ್ದನ್ನು Ctrl+Z ಹಿಂದಕ್ಕೆ ತರುವುದಿಲ್ಲ. ನಡುವೆ ಒಂದು ಸಲ ಸೇವ್ ಕೂಡ ಮಾಡಿದ್ದಳು.

“ನೋಡಮ್ಮ, ಸೇವ್ ಮಾಡದೆ ಮುಚ್ಚಿಬಿಡಿ. ಆ ಲ್ಯಾಪ್‌ಟಾಪ್ ಸದ್ಯಕ್ಕೆ ಮುಟ್ಟಬೇಡಿ” ಎಂದೆ.

ಇದಕ್ಕೆ ಕಾರಣ ಡ್ರೈವ್ ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುವ ರೀತಿ. ವರ್ಡ್, ಪಿಡಿಎಫ್ ಥರದ ಫೈಲ್‌ಗಳ ಹೊಸ ಪ್ರತಿ ಮೇಲೆ ಹೋದಾಗಲೆಲ್ಲ ಹಳೆಯದನ್ನು ಡ್ರೈವ್ ಕೂಡಲೇ ಎಸೆಯುವುದಿಲ್ಲ. ಒಂದು ಆವೃತ್ತಿಯಾಗಿ ಹಿಂದೆ ಇಡುತ್ತದೆ. ಆದರೆ ಶಾಶ್ವತವಾಗಿ ಅಲ್ಲ. 30 ದಿನ ಕಳೆದ ಮೇಲೆ, ಅಥವಾ ಅದರ ಮೇಲೆ 100 ಹೊಸ ಆವೃತ್ತಿಗಳು ಬಂದ ಮೇಲೆ, ಆ ಹಳೆಯದು ಅಳಿದುಹೋಗಬಹುದು. ಜನ 30 ದಿನ ಎಂಬುದನ್ನು ನೆನಪಿಡುತ್ತಾರೆ, 100 ಎಂಬುದನ್ನು ಮರೆಯುತ್ತಾರೆ. ಸುಮಾಳಂಥವರಿಗೆ ಅಪಾಯ ಇರುವುದು ಎರಡನೆಯದರಲ್ಲಿ. ಪ್ಯಾರಾ ಮುಗಿದಾಗಲೆಲ್ಲ Ctrl+S ಒತ್ತುವುದು ಒಳ್ಳೆಯ ಅಭ್ಯಾಸ. ಆದರೆ ಸಿಂಕ್ ಆಗುವ ಫೋಲ್ಡರ್‌ನಲ್ಲಿ ಅಂಥ ಒಂದೊಂದು ಸೇವ್ ಕೂಡ ಒಂದೊಂದು ಆವೃತ್ತಿಯಾಗಬಹುದು. ದಿನಕ್ಕೆ ಹತ್ತು ಸಲ ಸೇವ್ ಮಾಡುವವರ ಹಿಂದೆ ಉಳಿಯುವುದು ಹತ್ತು ದಿನದ ಇತಿಹಾಸ, ಮೂವತ್ತು ದಿನದ್ದಲ್ಲ.

ಹಾಗಾಗಿ ತಪ್ಪು ಗೊತ್ತಾದ ಗಳಿಗೆಯಲ್ಲಿ ಅದೇ ಫೈಲ್ ಮೇಲೆ ಇನ್ನಷ್ಟು ಕೆಲಸ ಮಾಡುವುದು, ಸರಿಪಡಿಸುವ ಪ್ರಯತ್ನವೇ ಆದರೂ, ಒಳ್ಳೆಯ ಆವೃತ್ತಿಯನ್ನು ಅಂಚಿಗೆ ತಳ್ಳುತ್ತಾ ಹೋಗುತ್ತದೆ. ಸೇವ್ ಮಾಡದಿರುವುದು ಕಷ್ಟ ಎನಿಸಿದರೆ ಡ್ರೈವ್‌ನ ಐಕಾನ್ ಒತ್ತಿ ಸೆಟ್ಟಿಂಗ್ಸ್ ಮೆನುವಿನಲ್ಲಿ `Pause syncing` ಕೊಟ್ಟರೂ ಸಾಕು.

ಪಟ್ಟಿಯ ತಳದಲ್ಲಿ

ಸುಮಾ ಹಾಸ್ಟೆಲ್‌ನ ರೂಮ್‌ಮೇಟ್ ಲ್ಯಾಪ್‌ಟಾಪ್ ತೆಗೆದುಕೊಂಡು ಬ್ರೌಸರ್‌ನಲ್ಲಿ drive.google.com ತೆರೆದಳು. ನಾನು ಫೋನ್‌ನಲ್ಲಿ ಹೇಳುತ್ತಾ ಹೋದೆ. ಫೈಲ್ ಮೇಲೆ ರೈಟ್ ಕ್ಲಿಕ್, `File information`, ಅದರೊಳಗೆ `Manage versions`. ಒಂದು ಉದ್ದದ ಪಟ್ಟಿ ಬಂತು. ಮೇಲೆ ಈಗಿನ ಆವೃತ್ತಿ, ಕೆಳಗೆ ಹಳೆಯವು. ಪ್ರತಿಯೊಂದರ ಪಕ್ಕ ತಾರೀಖು ಮತ್ತು ಸಮಯ.

ಈ ಪಟ್ಟಿ ನೋಡಿ ನಿರಾಸೆಯಾಗುವುದು ಸಹಜ. ಏನು ಬದಲಾಯಿತು ಎಂದು ಇದು ಹೇಳುವುದಿಲ್ಲ. ಸಮಯ ಮಾತ್ರ ಹೇಳುತ್ತದೆ. ಗೂಗಲ್ ಡಾಕ್ಸ್‌ನಲ್ಲೇ ಬರೆದ ಕಡತವಾಗಿದ್ದರೆ ಸೇರಿಸಿದ್ದು, ತೆಗೆದದ್ದು ಬಣ್ಣದಲ್ಲಿ ಕಾಣುತ್ತಿತ್ತು. ಆದರೆ ನುಡಿಯ ಹಳೆಯ ಫಾಂಟ್ ಡಾಕ್ಸ್‌ನಲ್ಲಿಲ್ಲ. ಅದಕ್ಕೇ ಅವಳು ವರ್ಡ್‌ನಲ್ಲಿದ್ದಳು. ವರ್ಡ್ ಫೈಲ್‌ನ ಒಂದೊಂದು ಆವೃತ್ತಿಯನ್ನೂ ಇಳಿಸಿಕೊಂಡು, ತೆರೆದು, ಕಣ್ಣಾರೆ ನೋಡಿಯೇ ತಿಳಿಯಬೇಕು.

ಆದ್ದರಿಂದ ಸಮಯ ನೆನಪಿಸಿಕೊಳ್ಳುವುದೇ ದಾರಿ. “ಯೂನಿಕೋಡ್ ಮಾಡಿದ್ದು ಯಾವಾಗ?” “ಶನಿವಾರ ರಾತ್ರಿ, ಊಟ ಆದಮೇಲೆ.” ಪಟ್ಟಿಯಲ್ಲಿ ಕೆಳಕ್ಕೆ, ಇನ್ನೂ ಕೆಳಕ್ಕೆ ಹೋಗಬೇಕಾಯಿತು. ಆ ಶನಿವಾರ ರಾತ್ರಿ 10:05ರದ್ದು ಒಂದು ಇತ್ತು. ಅದರ ಕೆಳಗೆ ಸಂಜೆ 4:10ರದ್ದು. ಅದರ ಕೆಳಗೆ ಮಧ್ಯಾಹ್ನದ ನಾಲ್ಕೈದು. ಅಷ್ಟಕ್ಕೇ ಪಟ್ಟಿ ಮುಗಿದಿತ್ತು. 4:10ರ ಆವೃತ್ತಿಯ ಮೇಲೆ ಆಗಲೇ 88 ಹೊಸ ಆವೃತ್ತಿಗಳು ಕೂತಿದ್ದವು. ಸುಮಾಳ ಲೆಕ್ಕದಲ್ಲಿ ಇನ್ನೊಂದು ದಿನದ ಬರವಣಿಗೆ, ಅಷ್ಟೇ ಉಳಿದಿದ್ದ ಜಾಗ.

ಇಳಿಸಿಕೊಳ್ಳುವ ಮುಂಚೆಯೇ ಮಾಡಿಸಿದ ಕೆಲಸ ಒಂದಿದೆ. 4:10ರ ಆವೃತ್ತಿಯ ಪಕ್ಕದ ಮೂರು ಚುಕ್ಕಿ ಒತ್ತಿ `Keep forever` ಆಯ್ದುಕೊಂಡೆವು. ಹೀಗೆ ಗುರುತು ಮಾಡಿದ ಆವೃತ್ತಿಗೆ 30 ದಿನ, 100 ಆವೃತ್ತಿಯ ನಿಯಮ ಅನ್ವಯಿಸುವುದಿಲ್ಲ. ಒಂದು ಫೈಲ್‌ಗೆ ಇಂಥವು 200ರವರೆಗೆ ಇಟ್ಟುಕೊಳ್ಳಬಹುದು. ಮೊದಲು ಉಳಿಸಿಕೊಂಡು ಆಮೇಲೆ ಪರೀಕ್ಷೆ ಮಾಡುವುದು ವಾಸಿ.

ನಂತರ ಅದೇ ಮೆನುವಿನಿಂದ ಇಳಿಸಿಕೊಂಡು ತೆರೆದಳು. ಫೋನ್‌ನಲ್ಲಿ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಇದೂ ಹಾಳಾಗಿದೆ ಸರ್. ಬರೀ ಗೀಚು. ಎಲ್ಲ ಕಡೆ `À` `À` ಅಂತಿದೆ.”

ಹಾಳಾಗಿರಲಿಲ್ಲ. ರೂಮ್‌ಮೇಟ್ ಓದುತ್ತಿದ್ದದ್ದು ರಸಾಯನಶಾಸ್ತ್ರ, ಅವಳ ಲ್ಯಾಪ್‌ಟಾಪ್‌ನಲ್ಲಿ ನುಡಿ ಇರಲಿಲ್ಲ. ಗೀಚಿನ ಮೇಲೆ ಕರ್ಸರ್ ಇಟ್ಟು ವರ್ಡ್‌ನ ಫಾಂಟ್ ಚೌಕದಲ್ಲಿ ಏನಿದೆ ನೋಡಲು ಹೇಳಿದೆ. `Nudi 01 e` ಎಂದಿತ್ತು. ಫಾಂಟ್‌ನ ಹೆಸರು ಹಾಗೇ ಉಳಿದಿದೆ ಎಂದರೆ ಪಠ್ಯ ಕೆಟ್ಟಿಲ್ಲ, ತೋರಿಸುವ ಫಾಂಟ್ ಮಾತ್ರ ಆ ಯಂತ್ರದಲ್ಲಿಲ್ಲ. ಇನ್ನೂ ಸುಲಭವಾದ ಗುರುತು ಪುಟದ ಬುಡದಲ್ಲೇ ಇತ್ತು. ಗೆರೆ, ಅದರ ಕೆಳಗೆ 1, 2, 3 ಎಂದು ಸಂಖ್ಯೆ ಹಾಕಿದ ಗೀಚಿನ ಸಾಲುಗಳು. ಪಕ್ಕದಲ್ಲಿ ಕಾಮೆಂಟ್‌ಗಳ ಬಲೂನುಗಳು. ಕಳೆದುಹೋಗಿದ್ದದ್ದು ಅವೇ ತಾನೆ?

ಈ ಗೀಚು ನೋಡಿ ಹಳೆಯ ಆವೃತ್ತಿಯೂ ಕೆಟ್ಟಿದೆ ಎಂದು ಅಲ್ಲಿಗೇ ಕೈಬಿಡುವುದು ತುಂಬ ಸುಲಭ. ನುಡಿ, ಬರಹ ತಂತ್ರಾಂಶಗಳ ಹಳೆಯ ಫೈಲ್‌ಗಳಿರುವವರು ಇದನ್ನು ಗಮನದಲ್ಲಿಡಬೇಕು. ಆವೃತ್ತಿಯನ್ನು ಪರೀಕ್ಷಿಸುವುದಾದರೆ ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲೇ ಪರೀಕ್ಷಿಸಿ. ಮಾರನೆಯ ಬೆಳಿಗ್ಗೆ ನಮ್ಮ ಲ್ಯಾಬ್‌ನಲ್ಲಿ ತೆರೆದಾಗ ಅಚ್ಚುಕಟ್ಟಾದ ಕನ್ನಡ, 143 ಅಡಿಟಿಪ್ಪಣಿಗಳು, ಮೇಡಂ ಕಾಮೆಂಟ್‌ಗಳು ಎಲ್ಲ ಇದ್ದವು.

ಹಿಂದಕ್ಕೆ ಹೋಗಲಾಗದು, ಸೇರಿಸಬೇಕು

ಇಳಿಸಿದ ಹಳೆಯ ಫೈಲನ್ನು `Thesis` ಫೋಲ್ಡರ್‌ಗೆ ಎಳೆದು ಹಾಕಲು ಹೊರಟಳು. ಇಲ್ಲಿ ಮತ್ತೆ ತಡೆಯಬೇಕಾಯಿತು. ಎರಡಕ್ಕೂ ಹೆಸರು ಒಂದೇ. ಇರುವುದರ ಮೇಲೆ ಹಾಕಲೇ ಎಂದು ವಿಂಡೋಸ್ ಕೇಳುತ್ತದೆ, ಹೂಂ ಎಂದರೆ ಒಂಬತ್ತು ದಿನ ಬರೆದ ತೂಬಿನ ಸರದಿಯ ಭಾಗ ಮಾಯ. ಅದೂ ಹಳೆಯ ಆವೃತ್ತಿಯಾಗಿ ಉಳಿದಿರುತ್ತದೆ ನಿಜ. ಆದರೆ ಗಾಬರಿಯಲ್ಲಿ ಅದನ್ನು ಇದರ ಮೇಲೆ, ಇದನ್ನು ಅದರ ಮೇಲೆ ಹಾಕುತ್ತಾ ಹೋದರೆ ಯಾವುದು ಯಾವುದು ಎಂಬುದೇ ಮರೆಯುತ್ತದೆ. ಹಾಗಾಗಿ ಮೊದಲು ಹೆಸರು ಬದಲಾಯಿಸಿದೆವು. ಹಳೆಯದು `Adhyaya-4_shani-0410_nudi.docx`. ಈಗಿನದು `Adhyaya-4_unicode.docx`. ಎರಡನ್ನೂ ಬೇರೆ ಫೋಲ್ಡರ್‌ನಲ್ಲಿಟ್ಟು, ಪೆನ್‌ಡ್ರೈವ್‌ಗೂ ಹಾಕಿಕೊಂಡೆವು.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ವರ್ಡ್‌ನ `Compare` ಬಳಸುತ್ತಾರೆ. ಎರಡು ಫೈಲ್ ಕೊಟ್ಟರೆ ವ್ಯತ್ಯಾಸಗಳನ್ನು ಗುರುತಿಸಿ ತೋರಿಸುತ್ತದೆ. ಇಲ್ಲಿ ಅದು ಪ್ರಯೋಜನಕ್ಕೆ ಬರಲಿಲ್ಲ. ಒಂದರಲ್ಲಿ `PÀ£ÀßqÀ`, ಇನ್ನೊಂದರಲ್ಲಿ ‘ಕನ್ನಡ’. ವರ್ಡ್ ಲೆಕ್ಕದಲ್ಲಿ ಒಂದು ಪದವೂ ಹೊಂದುವುದಿಲ್ಲ. ಇಡೀ ಅಧ್ಯಾಯ ತೆಗೆದು ಇಡೀ ಅಧ್ಯಾಯ ಸೇರಿಸಿದಂತೆ ಕೆಂಪಾಗಿ ತೋರಿಸಿತು.

ಯೂನಿಕೋಡ್ ಫೈಲ್‌ನ ಮುಖ್ಯ ಪಠ್ಯ ಸರಿಯಾಗಿಯೇ ಇತ್ತು, ಹೊಸ ಭಾಗವೂ ಅದರಲ್ಲೇ ಇತ್ತು. ಆದ್ದರಿಂದ ಅದನ್ನೇ ತಳಹದಿ ಮಾಡಿಕೊಂಡೆವು. ಹಳೆಯದರಿಂದ ತರಬೇಕಾದದ್ದು ಅಡಿಟಿಪ್ಪಣಿ, ಆಕರಗಳ ಪಟ್ಟಿ ಮತ್ತು ಮೇಡಂ ಕಾಮೆಂಟ್‌ಗಳು. ಆಕರಗಳ ಪಟ್ಟಿಯಲ್ಲಿ ಇಂಗ್ಲಿಷ್ ಹೆಸರುಗಳನ್ನು ಹಳೆಯ ಫೈಲ್‌ನಿಂದ ಹಾಗೇ ನಕಲಿಸಿ ಅಂಟಿಸಿದಳು. ಅವಕ್ಕೆ ಪರಿವರ್ತನೆಯೇ ಬೇಡ.

ಅಡಿಟಿಪ್ಪಣಿಗಳಿಗೆ ಬೇರೆ ಉಪಾಯ. ವರ್ಡ್‌ನಲ್ಲಿ ಯಾವುದಾದರೂ ಅಡಿಟಿಪ್ಪಣಿಯ ಒಳಗೆ ಕರ್ಸರ್ ಇಟ್ಟು Ctrl+A ಒತ್ತಿದರೆ ಅಡಿಟಿಪ್ಪಣಿಗಳೆಲ್ಲ ಆಯ್ಕೆಯಾಗುತ್ತವೆ, ಮುಖ್ಯ ಪಠ್ಯ ಆಗುವುದಿಲ್ಲ. ಹಾಗೆ 143ನ್ನೂ ಒಂದು ಖಾಲಿ ಫೈಲ್‌ಗೆ ತಂದು ಸಾಲಾಗಿ ಸಂಖ್ಯೆ ಕೊಟ್ಟಳು. ಪೂರ್ತಿ ಇಂಗ್ಲಿಷ್‌ನಲ್ಲಿದ್ದವನ್ನು ಪಕ್ಕಕ್ಕೆ ತೆಗೆದಿಟ್ಟು, ಕನ್ನಡದವನ್ನು ಮಾತ್ರ ಪರಿವರ್ತಕಕ್ಕೆ ಕೊಟ್ಟಳು. ಕನ್ನಡದ ನಡುವೆ ಇಂಗ್ಲಿಷ್ ಬೆರೆತವು ಕೆಲವು ಇದ್ದವು. ಅವನ್ನು ಕೈಯಲ್ಲೇ ಟೈಪ್ ಮಾಡಿದಳು. ಆಮೇಲೆ `View Side by Side` ಕೊಟ್ಟು ಎರಡೂ ಫೈಲ್ ಅಕ್ಕಪಕ್ಕ ಇಟ್ಟುಕೊಂಡು ಓದುತ್ತಾ ಹೋದಳು. ಹಳೆಯದರಲ್ಲಿ ಸಂಖ್ಯೆ ಇರುವ ಜಾಗ, ಹೊಸದರಲ್ಲಿ ಅದೇ ಪದದ ಮುಂದೆ Ctrl+Alt+F, ಟಿಪ್ಪಣಿ ಅಂಟಿಸುವುದು. ಎರಡು ದಿನ ಹಿಡಿಯಿತು. ಬೇಸರದ ಕೆಲಸ. ಆದರೆ ಊರೂರು ಮತ್ತೆ ತಿರುಗುವುದರ ಮುಂದೆ ಅದೇನೂ ಅಲ್ಲ. ಆ ಹಿರಿಯರಲ್ಲಿ ಇಬ್ಬರು ಆ ಹೊತ್ತಿಗೆ ತೀರಿಕೊಂಡಿದ್ದರು.

ಯಾವ ಆವೃತ್ತಿಯಲ್ಲೂ ಇಲ್ಲದ ಐದು ಗಂಟೆ

ಹೀಗೆ ಅಕ್ಕಪಕ್ಕ ಓದುವಾಗ ಒಂದು ಕಡೆ ಯೂನಿಕೋಡ್ ಫೈಲ್‌ನಲ್ಲಿದ್ದ ನಾಲ್ಕು ಪ್ಯಾರಾಗಳು ಹಳೆಯದರಲ್ಲಿ ಇರಲೇ ಇಲ್ಲ. ಕರೆಂಟ್ ಹೋದ ಸಂಜೆ ಬರೆದ ಭಾಗ ಅದು. ಸಂಜೆ 4:10ರಿಂದ ರಾತ್ರಿ ಒಂಬತ್ತೂವರೆವರೆಗೆ ಸುಮಾ ಎಷ್ಟೋ ಸಲ ಸೇವ್ ಮಾಡಿದ್ದಳು. ಆದರೆ ಆ ಸೇವ್‌ಗಳೆಲ್ಲ ಲ್ಯಾಪ್‌ಟಾಪ್‌ನಲ್ಲಿ ಒಂದರ ಮೇಲೊಂದು ಕೂತವು. ನೆಟ್ ಬಂದಾಗ ಡ್ರೈವ್ ಮೇಲಕ್ಕೆ ಕಳಿಸಿದ್ದು ಆ ಕ್ಷಣದಲ್ಲಿ ಇದ್ದ ಫೈಲನ್ನು ಮಾತ್ರ, ಅಂದರೆ ಪರಿವರ್ತನೆಯಾದ ಮೇಲಿನದನ್ನು. ನಡುವಿನ ಐದು ಗಂಟೆ ಡ್ರೈವ್ ಕಣ್ಣಿಗೆ ಬೀಳಲೇ ಇಲ್ಲ.

ಪ್ಯಾರಾಗಳು ಉಳಿದಿದ್ದವು, ಅವುಗಳ ಅಡಿಟಿಪ್ಪಣಿಗಳು ಹೋಗಿದ್ದವು. ಒಂಬತ್ತು ಇದ್ದಿರಬೇಕು ಎಂದು ಅವಳ ಅಂದಾಜು. ಕ್ಷೇತ್ರಕಾರ್ಯದ ನೋಟ್‌ಬುಕ್‌ನಿಂದ ಆರು ಸಿಕ್ಕವು. ಎರಡನ್ನು ಆ ಮನೆಯವರಿಗೆ ಫೋನ್ ಮಾಡಿ ಕೇಳಿ ಖಚಿತ ಮಾಡಿಕೊಂಡಳು. ಒಂದು ಮಾತು ಯಾರು ಹೇಳಿದ್ದೆಂದು ಕೊನೆಗೂ ತಿಳಿಯಲಿಲ್ಲ. ಆ ವಾಕ್ಯವನ್ನೇ ಅಧ್ಯಾಯದಿಂದ ತೆಗೆದಳು. ಅದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ.

ಆವೃತ್ತಿ ಇತಿಹಾಸವನ್ನು ನಂಬುವವರು ಈ ಅಂತರವನ್ನು ತಿಳಿದಿರಬೇಕು. ನೀವು ಸೇವ್ ಮಾಡಿದ ಮಾತ್ರಕ್ಕೆ ಆವೃತ್ತಿ ಆಗುವುದಿಲ್ಲ, ಮೇಲಕ್ಕೆ ಹೋದದ್ದು ಮಾತ್ರ ಆವೃತ್ತಿ. ಕರೆಂಟ್, ನೆಟ್ ಎರಡೂ ಕೈಕೊಡುವ ಊರುಗಳಲ್ಲಿ ಈ ಎರಡರ ನಡುವೆ ಒಂದು ಇಡೀ ದಿನವೇ ಬಿದ್ದುಹೋಗಬಹುದು.

ಈಗ ಸುಮಾ ಮಾಡುವುದು

ಅವಳ ಫೋಲ್ಡರ್ ಅದೇ, ಡ್ರೈವ್ ಅದೇ. ಪದ್ಧತಿ ಬದಲಾಗಿದೆ. ಇಡೀ ಫೈಲನ್ನು ಒಮ್ಮೆಗೇ ಬದಲಿಸುವ ಯಾವ ಕೆಲಸಕ್ಕೆ ಮುಂಚೆಯೂ, ಅದು ಪರಿವರ್ತನೆ ಇರಲಿ, `Replace All` ಇರಲಿ, ಗೈಡ್ ತಿದ್ದಿ ಕಳಿಸಿದ ಫೈಲನ್ನು ಹಾಕಿಕೊಳ್ಳುವುದಿರಲಿ, ಮೊದಲು ಡ್ರೈವ್‌ಗೆ ಹೋಗುತ್ತಾಳೆ. ಈಗಿನ ಫೈಲ್ ಮೇಲಕ್ಕೆ ಹೋಗಿದೆಯೇ ಎಂದು ಸಮಯ ನೋಡುತ್ತಾಳೆ, ಅದಕ್ಕೆ `Keep forever` ಹಾಕುತ್ತಾಳೆ. ಆಮೇಲೆ ಕೆಲಸ. ತಿಂಗಳ ಕೊನೆಗೆ ಪ್ರತಿ ಅಧ್ಯಾಯದ ಒಂದು ಆವೃತ್ತಿಗೆ ಇದೇ ಗುರುತು. ಹೀಗೆ ಉಳಿಸಿಕೊಂಡವು ಉಚಿತ ಖಾತೆಯ 15 ಜಿಬಿಯಲ್ಲಿ ಜಾಗ ತಿನ್ನುತ್ತವೆ. ಆದರೆ ಬರೀ ಅಕ್ಷರಗಳಿರುವ ವರ್ಡ್ ಫೈಲ್ ಎಷ್ಟು ದೊಡ್ಡದಿರುತ್ತದೆ? ಅದರ ಚಿಂತೆ ಬೇಡ. ಫೋಟೋಗಳಿರುವ ಅನುಬಂಧವನ್ನು ಮಾತ್ರ ಬೇರೆ ಫೈಲ್‌ನಲ್ಲಿಟ್ಟಿದ್ದಾಳೆ.

ಊರಿಗೆ ಹೋದಾಗ ನೆಟ್ ಇಲ್ಲದಿದ್ದರೆ ಹೆಸರಲ್ಲೇ ಸಮಯ ಸೇರಿಸಿ ಬೇರೆ ಫೈಲ್ ಮಾಡಿಕೊಳ್ಳುತ್ತಾಳೆ, `Adhyaya-5_1630.docx` ಎಂಬ ಹಾಗೆ. ನೆಟ್ ಬಂದಾಗ ಎಲ್ಲವೂ ಬೇರೆ ಬೇರೆಯಾಗಿ ಮೇಲಕ್ಕೆ ಹೋಗುತ್ತವೆ. ಭಾನುವಾರ ಒಂದು ಪೆನ್‌ಡ್ರೈವ್‌ಗೆ ಇಡೀ ಫೋಲ್ಡರ್ ನಕಲಾಗುತ್ತದೆ, ನಕಲಾದ ಕೂಡಲೇ ಅದನ್ನು ಕಿತ್ತು ಬೀರುವಿನಲ್ಲಿಡುತ್ತಾಳೆ. ಖಾತೆಯೇ ಕೈತಪ್ಪಿದರೆ ಆವೃತ್ತಿಗಳೂ ಅದರ ಜೊತೆಯೇ ಹೋಗುತ್ತವಲ್ಲ, ಅದಕ್ಕೆ. ಗೂಗಲ್ ಡಾಕ್ಸ್‌ನಲ್ಲಿ ಬರೆಯುವವರು ಇಲ್ಲೊಂದು ವಿಷಯ ಗಮನಿಸಬೇಕು. ಫೋಲ್ಡರ್‌ನಲ್ಲಿ ಕಾಣುವ `.gdoc` ಫೈಲ್ ಬರೀ ಕೊಂಡಿ, ಒಳಗೆ ಬರವಣಿಗೆ ಇರುವುದಿಲ್ಲ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಪ್ರಯೋಜನವಿಲ್ಲ. ವರ್ಡ್ ಅಥವಾ ಪಿಡಿಎಫ್ ಆಗಿ ಇಳಿಸಿಯೇ ನಕಲಿಸಬೇಕು.

ಬೇರೆ ಸೇವೆ ಬಳಸುವವರ ಲೆಕ್ಕ ಬೇರೆ. ಒನ್‌ಡ್ರೈವ್‌ನ ವೈಯಕ್ತಿಕ ಖಾತೆಯಲ್ಲಿ ಸಿಗುವುದು ಕೊನೆಯ 25 ಆವೃತ್ತಿಗಳು. ಸುಮಾ ಅದರಲ್ಲಿ ಇದ್ದಿದ್ದರೆ ಆ ಶನಿವಾರದ ಫೈಲ್ ಬುಧವಾರದೊಳಗೇ ಹೋಗಿರುತ್ತಿತ್ತು. ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಯಲ್ಲಿ 30 ದಿನ. ನಿಮ್ಮದು ಯಾವುದೋ ಅದರ ಮಿತಿಯನ್ನು ಇವತ್ತೇ ನೋಡಿ. ಹಳೆಯ ಆವೃತ್ತಿಯೊಂದನ್ನು ಸುಮ್ನೆ ಇಳಿಸಿ, ತೆರೆದು ನೋಡಿ. ಅವಶ್ಯಕತೆ ಇಲ್ಲದಾಗ ಒಮ್ಮೆ ಮಾಡಿದ್ದರೆ ಅವಶ್ಯಕತೆ ಬಿದ್ದಾಗ ಕೈ ನಡುಗುವುದಿಲ್ಲ.

ಮುಂದಿನ ತಿಂಗಳು ಸುಮಾ ಎರಡನೇ ಅಧ್ಯಾಯ ಪರಿವರ್ತಿಸಿದಳು. ಈ ಸಲ ಅಡಿಟಿಪ್ಪಣಿಗಳನ್ನೂ ಬದಲಿಸುವ ಬೇರೊಂದು ಪರಿವರ್ತಕ. ಅಡಿಟಿಪ್ಪಣಿಗಳೇನೋ ಬಂದವು. ಆದರೆ ಕೆರೆಗಳ ಅಳತೆಯ ಕೋಷ್ಟಕದಲ್ಲಿದ್ದ ಇಂಗ್ಲಿಷ್ ತಲೆಬರಹಗಳು ಮತ್ತೆ ಕೆಟ್ಟವು. ಬೆಳಿಗ್ಗೆಯ ಆವೃತ್ತಿಗೆ ಗುರುತು ಹಾಕಿಯೇ ಶುರುಮಾಡಿದ್ದಳು. ಅದನ್ನು ಬೇರೆ ಹೆಸರಿನಲ್ಲಿ ಇಳಿಸಿಕೊಂಡು, ತಲೆಬರಹಗಳನ್ನು ನಕಲಿಸಿ ಹಾಕಿ, ಮಧ್ಯಾಹ್ನಕ್ಕೆ ಮೂರನೇ ಅಧ್ಯಾಯಕ್ಕೆ ಕೈಹಾಕಿದ್ದಳು. ನನಗೆ ಇದು ತಿಳಿದದ್ದು ವಾರ ಕಳೆದ ಮೇಲೆ, ಲ್ಯಾಬ್‌ಗೆ ಪ್ರಿಂಟ್ ತೆಗೆಯಲು ಬಂದಾಗ.